ಜಾತಿ ಮತ್ತು ಕೆಲಸ: ಗ್ರಂಥಸೂಚಿಯನ್ನು ವಾದದ ಪ್ರಕಾರ ಜೋಡಿಸುವುದು ಹೇಗೆ

ಕಳೆದ ವರ್ಷ ಅರ್ಥಶಾಸ್ತ್ರ ಎಂ.ಎ. ಓದುತ್ತಿದ್ದ ಹುಡುಗಿಯೊಬ್ಬಳು ನಾಗರಭಾವಿಯ ನಮ್ಮ ಮನೆಗೆ ಒಂದು ಫೈಲು ಹಿಡಿದುಕೊಂಡು ಬಂದಳು. ಜಾತಿ ಮತ್ತು ಉದ್ಯೋಗದ ಬಗ್ಗೆ ಟಿಪ್ಪಣಿ ಸಹಿತ ಗ್ರಂಥಸೂಚಿ ಮಾಡಿಕೊಂಡು ಬರಲು ಅವಳ ಗೈಡ್ ಹೇಳಿದ್ದರು. ನಲವತ್ತು ಲೇಖನಗಳಿದ್ದವು. ಲೇಖಕರ ಹೆಸರಿನ ಅಕ್ಷರಕ್ರಮದಲ್ಲಿ ಜೋಡಿಸಿ, ಪ್ರತಿಯೊಂದರ ಕೆಳಗೆ ನಾಲ್ಕೈದು ಸಾಲು ಬರೆದಿದ್ದಳು. ಶ್ರಮಪಟ್ಟು ಮಾಡಿದ ಕೆಲಸ ಅನ್ನುವುದು ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಒಂದು ಲೇಖನದ ಕೆಳಗೆ "ದಲಿತ ಹೆಸರಿನ ಅರ್ಜಿಗಳಿಗೆ ಸಂದರ್ಶನದ ಕರೆ ಕಡಿಮೆ" ಎಂದಿತ್ತು. ಎರಡು ಪುಟ ತಿರುವಿದರೆ ಇನ್ನೊಂದರ ಕೆಳಗೆ "ಸಾಫ್ಟ್‌ವೇರ್ ಕೆಲಸಗಳಲ್ಲಿ ಜಾತಿ ತಾರತಮ್ಯಕ್ಕೆ ಪುರಾವೆ ಇಲ್ಲ" ಎಂದಿತ್ತು.

"ಮೇಡಂ, ಇದರಲ್ಲಿ ಯಾವುದನ್ನ ನಂಬೋದು?" ಅಂತ ಕೇಳಿದಳು.

"ಎರಡನ್ನೂ ನಂಬಬಹುದಮ್ಮ. ಆದರೆ ಅವೆರಡೂ ಯಾವ ಪ್ರಶ್ನೆಗೆ ಉತ್ತರ ಕೊಡ್ತಿವೆ ಅಂತ ನೀನು ಬರೆದಿಲ್ಲವಲ್ಲ" ಅಂದೆ.

ಆ ಮಧ್ಯಾಹ್ನ ನಾವಿಬ್ಬರೂ ಕೂತು ಆ ಫೈಲನ್ನು ಬಿಚ್ಚಿ ಮತ್ತೆ ಕಟ್ಟಿದ ರೀತಿಯನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಇಡೀ ವಿಷಯವನ್ನು ಹಿಡಿದುಕೊಳ್ಳುವುದಿಲ್ಲ. ನಗರದ ಖಾಸಗಿ ಕೆಲಸಕ್ಕೆ ಅರ್ಜಿ ಹಾಕಿದಾಗ ಜಾತಿ ಎಲ್ಲಿ ಅಡ್ಡ ಬರುತ್ತದೆ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಹೊರಡೋಣ.

ಮೊದಲು ಬಾಗಿಲುಗಳನ್ನು ಗುರುತಿಸಿ

ಕೆಲಸ ಹುಡುಕುವವರು ಒಂದಾದ ಮೇಲೊಂದು ಬಾಗಿಲು ದಾಟಬೇಕು. ಅರ್ಜಿ ಹೋಗುತ್ತದೆ, ಅದನ್ನು ನೋಡಿದವರು ಸಂದರ್ಶನಕ್ಕೆ ಕರೆಯುತ್ತಾರೆ ಅಥವಾ ಕರೆಯುವುದಿಲ್ಲ. ಇದು ಮೊದಲ ಬಾಗಿಲು. ಎರಡನೆಯದು ಸಂದರ್ಶನದ ಕೋಣೆ. ಅಲ್ಲಿ ಮುಖ, ಮಾತು, ಉಚ್ಚಾರ, ಅಪ್ಪನ ಉದ್ಯೋಗ, ಹುಟ್ಟಿದ ಊರು ಎಲ್ಲವೂ ಮೇಜಿನ ಮೇಲೆ ಬರುತ್ತವೆ. ಮೂರನೆಯ ಬಾಗಿಲು ಸಂಬಳ: ಕೆಲಸ ಸಿಕ್ಕಿದ ಮೇಲೆ ಯಾವ ಹುದ್ದೆ, ಎಷ್ಟು ಹಣ ಎಂಬುದು. ಈ ಮೂರಕ್ಕೂ ಮುಂಚೆ ಶಾಲೆ, ಮನೆಯಲ್ಲಿದ್ದ ಇಂಗ್ಲಿಷು, ಪರಿಚಯಸ್ಥರು ಎಂಬ ದೊಡ್ಡ ಅಂಗಳವೂ ಇದೆ.

ನೀವು ಓದುವ ಪ್ರತಿಯೊಂದು ಅಧ್ಯಯನವೂ ಇವುಗಳಲ್ಲಿ ಯಾವುದೋ ಒಂದು ಬಾಗಿಲಲ್ಲಿ ನಿಂತು ಎಣಿಸುತ್ತಿರುತ್ತದೆ. ಒಂದು ಬಾಗಿಲಲ್ಲಿ ಎಣಿಸಿದ್ದನ್ನು ಇನ್ನೊಂದು ಬಾಗಿಲಿನ ಉತ್ತರ ಅಂದುಕೊಳ್ಳುವುದೇ ಈ ವಿಷಯದ ಗ್ರಂಥಸೂಚಿಗಳಲ್ಲಿ ನಾನು ಅತಿ ಹೆಚ್ಚು ಕಂಡಿರುವ ತಪ್ಪು. ಹಾಗಾಗಿ ಅಕ್ಷರಕ್ರಮ ಬಿಟ್ಟು ಬಾಗಿಲಿನ ಪ್ರಕಾರ ವಿಂಗಡಿಸಿ. ಒಂದೊಂದು ಬಾಗಿಲಿನ ಒಳಗೆ ವಾದದ ಪ್ರಕಾರ ಜೋಡಿಸಿ. ವರ್ಷದ ಕ್ರಮ ಕೊನೆಗೆ ಬರಲಿ.

ಹುಡುಕುವುದು

ಗೂಗಲ್ ಸ್ಕಾಲರ್‌ನಲ್ಲಿ ಜಾತಿ, ಉದ್ಯೋಗ ಎಂದಷ್ಟೇ ಹುಡುಕಿದರೆ ಸಾವಿರಗಟ್ಟಲೆ ಬಂದು ಬೀಳುತ್ತವೆ. ವಿಷಯದ ಹೆಸರಿಗಿಂತ ವಿಧಾನದ ಹೆಸರು ಹಾಕಿ ಹುಡುಕಿದರೆ ಬಾಗಿಲುಗಳು ತಾವಾಗಿಯೇ ಬೇರೆಯಾಗುತ್ತವೆ. ನಾವು ಹಾಕಿದ್ದು ಇವು:

```
caste India "correspondence study"
caste India resume callback
caste wage gap decomposition India
caste hiring interviews "family background"
```

ಮೊದಲ ಎರಡು ಸಾಲು ಮೊದಲ ಬಾಗಿಲಿಗೆ, ಮೂರನೆಯದು ಸಂಬಳಕ್ಕೆ, ನಾಲ್ಕನೆಯದು ಸಂದರ್ಶನದ ಕೋಣೆಗೆ.

ಇದಕ್ಕಿಂತ ಹತ್ತಿರದ ದಾರಿಯೂ ಒಂದಿದೆ. ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿಯ 2007ರ ಅಕ್ಟೋಬರ್ 13ರ ಸಂಚಿಕೆಯಲ್ಲಿ ಈ ಪ್ರಶ್ನೆಯ ಮೇಲೆಯೇ ಹಲವು ಲೇಖನಗಳು ಒಟ್ಟಿಗೆ ಬಂದವು. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಅರ್ಜಿಗಳನ್ನು ಕಳಿಸಿ ಪರೀಕ್ಷಿಸಿದ್ದು, ಸುರಿಂದರ್ ಜೋಧ್ಕಾ ಮತ್ತು ಕ್ಯಾಥರಿನ್ ನ್ಯೂಮನ್ ಎಚ್.ಆರ್. ಮ್ಯಾನೇಜರುಗಳನ್ನು ಮಾತಾಡಿಸಿದ್ದು, ಎಸ್. ಮಾಧೇಶ್ವರನ್ ಮತ್ತು ಅಟ್ಟೆವೆಲ್ ಸಂಬಳದ ಅಂತರವನ್ನು ಲೆಕ್ಕ ಹಾಕಿದ್ದು ಎಲ್ಲವೂ ಅದರಲ್ಲೇ ಇವೆ. ಮೂರು ಬಾಗಿಲಿಗೂ ಒಂದೊಂದು ಕಂಬ ಒಂದೇ ಸಂಚಿಕೆಯಲ್ಲಿ ಸಿಕ್ಕಿದಂತಾಯಿತು. ಅವುಗಳನ್ನು ಓದಿ, ಪ್ರತಿಯೊಂದರ ಕೆಳಗಿರುವ "Cited by" ಒತ್ತಿ ಮುಂದೆ ಬಂದವನ್ನು ಹಿಡಿಯಿರಿ. ಹಿಂದಕ್ಕೆ ಹೋಗುವುದಕ್ಕಿಂತ ಹೀಗೆ ಮುಂದಕ್ಕೆ ಬರುವುದು ಸುಲಭ. ಯಾರು ಯಾರ ಜೊತೆ ಜಗಳವಾಡುತ್ತಿದ್ದಾರೆ ಅನ್ನುವುದೂ ಕಾಣುತ್ತದೆ.

ಮಾಧೇಶ್ವರನ್ ನಮ್ಮ ನಾಗರಭಾವಿಯ ಸಂಶೋಧನಾ ಸಂಸ್ಥೆ ಐಸೆಕ್‌ನಲ್ಲೇ ಪ್ರಾಧ್ಯಾಪಕರಾಗಿದ್ದವರು. ಹುಡುಗಿಗೆ ಅದು ಗೊತ್ತಿರಲಿಲ್ಲ. ನಡೆದುಕೊಂಡು ಹೋಗುವಷ್ಟು ದೂರದಲ್ಲಿ ಆದ ಕೆಲಸವೂ ಪಟ್ಟಿಯಲ್ಲಿದೆ ಎಂದು ಗೊತ್ತಾದಾಗ ಅವಳು ಆ ಲೇಖನವನ್ನು ಮತ್ತೊಮ್ಮೆ ಮೊದಲಿಂದ ಓದಿದಳು.

ಒಂದು ಟಿಪ್ಪಣಿಯನ್ನು ಪೂರ್ತಿ ಬರೆದು ನೋಡೋಣ

ಟಿಪ್ಪಣಿಯಲ್ಲಿ ಐದು ವಿಷಯ ಬರಲೇಬೇಕು ಎಂದು ನಾನು ಹಠ ಹಿಡಿಯುತ್ತೇನೆ. ಎಲ್ಲಿ ಮತ್ತು ಯಾವಾಗ, ಯಾರನ್ನು ಯಾರೊಂದಿಗೆ ಹೋಲಿಸಿದರು, ಅಳೆದಿದ್ದು ಏನನ್ನು, ಸಿಕ್ಕಿದ್ದೇನು, ಈ ಅಧ್ಯಯನದಿಂದ ಹೇಳಲಿಕ್ಕಾಗದ್ದು ಏನು. ಕೊನೆಯದನ್ನು ಎಲ್ಲರೂ ಬಿಡುತ್ತಾರೆ. ಆದರೆ ಎರಡು ಲೇಖನಗಳು ಒಂದಕ್ಕೊಂದು ಎದುರಾಗಿ ನಿಂತಾಗ ಕೈಹಿಡಿಯುವುದು ಆ ಸಾಲೇ.

ಥೋರಟ್ ಮತ್ತು ಅಟ್ಟೆವೆಲ್ ಅವರ ಲೇಖನ ತೆಗೆದುಕೊಳ್ಳಿ. 66 ವಾರಗಳ ಕಾಲ ಇಂಗ್ಲಿಷ್ ಪತ್ರಿಕೆಗಳಲ್ಲಿ ಬಂದ ಖಾಸಗಿ ಕೆಲಸದ ಜಾಹೀರಾತುಗಳನ್ನು ಹೆಕ್ಕಿ, 548 ಜಾಹೀರಾತುಗಳಿಗೆ 4,808 ಅರ್ಜಿಗಳನ್ನು ಕಳಿಸಿದರು. ಅರ್ಜಿದಾರರು ಯಾರೂ ನಿಜವಾದ ಮನುಷ್ಯರಲ್ಲ. ವಿದ್ಯೆ, ಅನುಭವ ಒಂದೇ ತೂಕದ್ದು. ಬೇರೆಯಾಗಿದ್ದು ಹೆಸರು ಮಾತ್ರ. ಒಂದು ಮೇಲ್ಜಾತಿ ಹಿಂದೂ ಹೆಸರು, ಒಂದು ದಲಿತ ಹೆಸರು, ಒಂದು ಮುಸ್ಲಿಂ ಹೆಸರು. ಜಾತಿ, ಧರ್ಮ ಎಂದು ಅರ್ಜಿಯಲ್ಲಿ ಎಲ್ಲೂ ಬರೆದಿರಲಿಲ್ಲ. ಇದರ ಜೊತೆಗೆ ಬೇಕಾದ್ದಕ್ಕಿಂತ ಹೆಚ್ಚು ಓದಿದ ದಲಿತ ಅರ್ಜಿದಾರರನ್ನೂ, ಕಡಿಮೆ ಓದಿದ ಮೇಲ್ಜಾತಿ ಅರ್ಜಿದಾರರನ್ನೂ ಸೇರಿಸಿದ್ದರು. ಅಳೆದದ್ದು ಒಂದನ್ನೇ: ಸಂದರ್ಶನಕ್ಕೋ ಮುಂದಿನ ಹಂತಕ್ಕೋ ಕರೆ ಬಂತೇ ಇಲ್ಲವೇ. ಸಮಾನ ಅರ್ಹತೆಯ ಅರ್ಜಿಗಳಲ್ಲಿ ದಲಿತ ಹೆಸರಿನ ಆಡ್ಸ್ ಮೇಲ್ಜಾತಿ ಹೆಸರಿನ 0.67 ಪಟ್ಟು, ಮುಸ್ಲಿಂ ಹೆಸರಿನದ್ದು 0.33 ಪಟ್ಟು ಎಂದು ಬಂತು.

ಹುಡುಗಿಯ ಫೈಲಿನಲ್ಲಿ ಈ ಜಾಗದಲ್ಲಿ "ದಲಿತರಿಗೆ ಕರೆ ಬರುವ ಸಾಧ್ಯತೆ 67%" ಎಂದಿತ್ತು. ಬಹಳ ಜನ ಹೀಗೇ ಬರೆಯುತ್ತಾರೆ. ಅದು ತಪ್ಪು. ಯಾಕೆ ತಪ್ಪು ಎಂದು ಬಿಡಿಸಿ ನೋಡಬೇಕು, ಯಾಕೆಂದರೆ ಮುಂದಿನ ಹೋಲಿಕೆಗಳೆಲ್ಲ ಇದರ ಮೇಲೆ ನಿಂತಿವೆ.

ಆಡ್ಸ್ ಅಂದರೆ ಕರೆ ಬಂದವರನ್ನು ಕರೆ ಬರದವರಿಂದ ಭಾಗಿಸಿದ್ದು. ನೂರರಲ್ಲಿ ಇಷ್ಟು ಎನ್ನುವ ಸಾಧ್ಯತೆ ಅದಲ್ಲ. ಲೆಕ್ಕಕ್ಕಾಗಿ ಮೇಲ್ಜಾತಿ ಹೆಸರಿಗೆ 100 ಅರ್ಜಿಗೆ 10 ಕರೆ ಬಂತು ಅಂದುಕೊಳ್ಳೋಣ. ಈ 10 ನಾನು ಉದಾಹರಣೆಗೆ ಹಿಡಿದ ಸಂಖ್ಯೆ, ಲೇಖನದ್ದಲ್ಲ.

```
10 / 90      = 0.111
0.111 × 0.67 = 0.074
0.074 / 1.074 = 0.069
```

ಅಂದರೆ ದಲಿತ ಹೆಸರಿಗೆ ನೂರಕ್ಕೆ ಸುಮಾರು 7 ಕರೆ. ಮುಸ್ಲಿಂ ಹೆಸರಿಗೆ ಇದೇ ರೀತಿ ಲೆಕ್ಕ ಹಾಕಿದರೆ ಮೂರೂವರೆ. ಈಗ ಅದೇ 0.67 ಇಟ್ಟುಕೊಂಡು, ಮೇಲ್ಜಾತಿ ಹೆಸರಿಗೆ 100ಕ್ಕೆ 50 ಕರೆ ಬರುವ ಸುಲಭದ ಮಾರುಕಟ್ಟೆಯನ್ನು ಊಹಿಸಿ. ಆಗ ದಲಿತ ಹೆಸರಿಗೆ 40 ಬರುತ್ತದೆ. ಕರೆ ಅಪರೂಪವಾಗಿದ್ದಾಗ ಆಡ್ಸ್ ಅನುಪಾತವೂ ಸಾಧ್ಯತೆಯ ಅನುಪಾತವೂ ಹತ್ತಿರ ಹತ್ತಿರ ಇರುತ್ತವೆ. ಕರೆ ಹೆಚ್ಚಾದಂತೆ ದೂರವಾಗುತ್ತವೆ. ಆದ್ದರಿಂದ ಟಿಪ್ಪಣಿಯಲ್ಲಿ "ಆಡ್ಸ್ 0.67 ಪಟ್ಟು" ಎಂದೇ ಬರೆಯಿರಿ. ಜೊತೆಗೆ ಮೂಲ ಕರೆಯ ಪ್ರಮಾಣವನ್ನು ಲೇಖನದ ಕೋಷ್ಟಕದಿಂದ ಎತ್ತಿ ಬರೆದುಕೊಳ್ಳಿ.

ಇನ್ನು ಐದನೆಯ ಸಾಲು. ಈ ಅಧ್ಯಯನ ಹೇಳುವುದು ಪತ್ರಿಕೆಯಲ್ಲಿ ಜಾಹೀರಾತು ಬಂದ ಕೆಲಸಗಳ ಬಗ್ಗೆ. ಪರಿಚಯದ ಮೇಲೆ, "ನಮ್ಮ ಹುಡುಗ ಒಬ್ಬ ಇದಾನೆ" ಎಂಬ ಒಂದು ಫೋನಿನ ಮೇಲೆ ತುಂಬಿಹೋಗುವ ಕೆಲಸಗಳು ಇದರ ಬಲೆಗೆ ಬೀಳುವುದೇ ಇಲ್ಲ. ಕರೆ ಬಂದ ಮೇಲೆ ಕೋಣೆಯಲ್ಲಿ ಏನಾಯಿತೆಂಬುದೂ ಗೊತ್ತಾಗುವುದಿಲ್ಲ, ಯಾಕೆಂದರೆ ಒಳಗೆ ಹೋಗಲು ಯಾರೂ ಇಲ್ಲ.

ಎದುರಾಳಿಯನ್ನು ಪಕ್ಕದಲ್ಲೇ ಕೂರಿಸಿ

ಈಗ ಹುಡುಗಿಯನ್ನು ಗೊಂದಲಕ್ಕೆ ತಳ್ಳಿದ ಲೇಖನ. ಅಭಿಜಿತ್ ಬ್ಯಾನರ್ಜಿ, ಮರಿಯಾನ್ ಬರ್ಟ್ರಂಡ್, ಸೌಗತೊ ದತ್ತ, ಸೆಂಥಿಲ್ ಮುಲ್ಲೈನಾಥನ್ ಅವರ ಈ ಲೇಖನ 2009ರಲ್ಲಿ ಜರ್ನಲ್ ಆಫ್ ಕಂಪ್ಯಾರೆಟಿವ್ ಎಕನಾಮಿಕ್ಸ್‌ನಲ್ಲಿ ಬಂತು. ವಿಧಾನ ಅದೇ. ದೆಹಲಿ ಮತ್ತು ಅದರ ಸುತ್ತಮುತ್ತಲಿನ 371 ಕೆಲಸಗಳಿಗೆ 3,160 ಕಲ್ಪಿತ ರೆಸ್ಯೂಮೆಗಳು ಹೋದವು. ಮೇಲ್ಜಾತಿ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಎಂದು ತೋರುವ ಅಡ್ಡಹೆಸರುಗಳನ್ನು ಲಾಟರಿಯಂತೆ ಅಂಟಿಸಿದ್ದರು. ಆದರೆ ಕೆಲಸಗಳು ಎರಡೇ ಬಗೆಯವು, ಸಾಫ್ಟ್‌ವೇರ್ ಮತ್ತು ಕಾಲ್ ಸೆಂಟರ್. ಪತ್ರಿಕೆಗಳ ಜೊತೆಗೆ ಆನ್‌ಲೈನ್ ಜಾಬ್ ಸೈಟುಗಳಿಂದಲೂ ಕೆಲಸಗಳನ್ನು ಆಯ್ದಿದ್ದರು.

ಸಾಫ್ಟ್‌ವೇರ್ ಕೆಲಸಗಳಲ್ಲಿ ಮೇಲ್ಜಾತಿಯಲ್ಲದವರ ವಿರುದ್ಧ ತಾರತಮ್ಯದ ಪುರಾವೆ ಅವರಿಗೆ ಸಿಗಲಿಲ್ಲ. ಕಾಲ್ ಸೆಂಟರ್‌ಗಳಲ್ಲಿ ಮೇಲ್ಜಾತಿಗೂ ಹಿಂದುಳಿದ ವರ್ಗಕ್ಕೂ ಗಣನೀಯ ಅಂತರ ಸಿಕ್ಕಿತು, ಪರಿಶಿಷ್ಟ ಜಾತಿಗೂ ಸ್ವಲ್ಪ ಮಟ್ಟಿಗೆ. ಒಟ್ಟಾರೆಯಾಗಿ ಈ ಹೊಸ ಕ್ಷೇತ್ರಗಳಲ್ಲಿ ಕರೆಯ ನಿರ್ಧಾರಕ್ಕೆ ಜಾತಿ ಅಷ್ಟಾಗಿ ತಾಗುವುದಿಲ್ಲ ಎಂಬುದು ಅವರ ತೀರ್ಮಾನ.

ಫೈಲಿನಲ್ಲಿ ಕಾಲ್ ಸೆಂಟರ್‌ನ ಭಾಗ ಬಿಟ್ಟುಹೋಗಿತ್ತು. "ತೀರ್ಮಾನದ ಸಾಲನ್ನಷ್ಟೇ ನೋಡಿದೆ ಮೇಡಂ" ಅಂದಳು. ಕೊನೆಯ ಸಾಲು ನೋಡಿ ಟಿಪ್ಪಣಿ ಬರೆದರೆ ಲೇಖಕರ ಅಭಿಪ್ರಾಯ ನಿಮ್ಮ ಫೈಲಿಗೆ ಬರುತ್ತದೆ, ಅವರು ಕಂಡದ್ದು ಬರುವುದಿಲ್ಲ.

ಎರಡೂ ಟಿಪ್ಪಣಿಗಳನ್ನು ಅಕ್ಕಪಕ್ಕ ಇಟ್ಟ ಮೇಲೆ ಜಗಳ ಅರ್ಧ ಕರಗಿತು. ಥೋರಟ್ ಮತ್ತು ಅಟ್ಟೆವೆಲ್ ಹಲವು ಬಗೆಯ ಖಾಸಗಿ ಕೆಲಸಗಳನ್ನು ನೋಡಿದ್ದರು, ಇವರು ಎರಡನ್ನು ಮಾತ್ರ. ಸಾಫ್ಟ್‌ವೇರ್‌ನಲ್ಲಿ ಕಾಗದದ ಮೇಲಿನ ಕೌಶಲವೇ ಬಹಳಷ್ಟು ಹೇಳಿಬಿಡುತ್ತದೆ. ಕಾಲ್ ಸೆಂಟರ್‌ನಲ್ಲಿ ಬೇಕಾದ್ದು ಮಾತು, ನಡವಳಿಕೆ. ಕಾಗದದಲ್ಲಿ ಕಾಣದ ಅದನ್ನು ಹೆಸರು ನೋಡಿ ಊಹಿಸುವವರು ಊಹಿಸುತ್ತಾರೆ. ಈ ವಿವರಣೆ ನನ್ನ ಓದು. ಟಿಪ್ಪಣಿಯಲ್ಲಿ ಹಾಕಿಕೊಳ್ಳುವುದಾದರೆ ಇದು ನಮ್ಮ ಊಹೆ ಎಂದು ಗುರುತು ಹಾಕಿಯೇ ಹಾಕಿಕೊಳ್ಳಬೇಕು. "ಪುರಾವೆ ಸಿಗಲಿಲ್ಲ" ಎನ್ನುವುದು "ತಾರತಮ್ಯ ಇಲ್ಲ" ಎನ್ನುವುದಕ್ಕೆ ಸಮವಲ್ಲ ಎಂಬುದನ್ನೂ ಐದನೆಯ ಸಾಲಿನಲ್ಲಿ ಬರೆದೆವು. ಒಂದೊಂದು ಗುಂಪಿಗೆ ಎಷ್ಟು ರೆಸ್ಯೂಮೆ ಬಂತು ಎಂದು ನೋಡಿ. ಗುಂಪು ಚಿಕ್ಕದಾದಷ್ಟೂ ಸಣ್ಣ ಅಂತರ ಕಣ್ಣಿಗೆ ಬೀಳುವುದಿಲ್ಲ.

ಮೂರನೆಯದಾಗಿ ಜಹ್ರಾ ಸಿದ್ದಿಕ್ ಅವರ ಚೆನ್ನೈ ಅಧ್ಯಯನ, 2011ರಲ್ಲಿ ಲೇಬರ್ ಎಕನಾಮಿಕ್ಸ್ ಪತ್ರಿಕೆಯಲ್ಲಿ ಬಂದದ್ದು. ಅಷ್ಟೇ ಕರೆ ಪಡೆಯಲು ಕೆಳಜಾತಿ ಹೆಸರಿನವರು ಸರಾಸರಿ 20% ಹೆಚ್ಚು ರೆಸ್ಯೂಮೆ ಕಳಿಸಬೇಕು ಎಂದು ಅವರು ಕಂಡರು. ಇದನ್ನು ಥೋರಟ್ ಅವರ 0.67ರ ಪಕ್ಕದಲ್ಲಿ ಇಡಬೇಕಾದರೆ ಒಂದೇ ಅಳತೆಗೆ ತರಬೇಕು. ಮತ್ತೆ ಅದೇ 10ರ ಊಹೆ: ಮೇಲ್ಜಾತಿಯವರಿಗೆ 10 ಅರ್ಜಿಗೆ ಒಂದು ಕರೆ ಬಂದರೆ, ಇವರಿಗೆ 12 ಅರ್ಜಿಗೆ ಒಂದು. ನೂರಕ್ಕೆ ಲೆಕ್ಕ ಹಾಕಿದರೆ ಸುಮಾರು 8.3. ಅಲ್ಲಿ 7 ಬಂದಿತ್ತು, ಇಲ್ಲಿ 8.3. ಎರಡೂ ಒಂದೇ ದಿಕ್ಕಿಗೆ ಬೆರಳು ತೋರಿಸುತ್ತಿವೆ. ಚೆನ್ನೈನ ಅಂತರ ಚಿಕ್ಕದು. 67% ಮತ್ತು 20% ಎಂದು ಹಾಗೆಯೇ ಪಕ್ಕಪಕ್ಕ ಬರೆದಿದ್ದರೆ ಓದುವವರಿಗೆ ಏನೂ ತಿಳಿಯುತ್ತಿರಲಿಲ್ಲ.

ಆದರೆ ಸಿದ್ದಿಕ್ ಅವರ ಲೇಖನದ ನಿಜವಾದ ತೂಕ ಆ 20%ದಲ್ಲಿ ಇಲ್ಲ. ವಾದದ ಪ್ರಕಾರ ವಿಂಗಡಿಸುವಾಗ ಅದು ಬೇರೆಯೇ ಜಾಗಕ್ಕೆ ಹೋಗುತ್ತದೆ.

ಬಾಗಿಲಿನ ಒಳಗೆ, ವಾದದ ಪ್ರಕಾರ

ಮೊದಲ ಬಾಗಿಲಲ್ಲಿ ತಡೆ ಇದೆ ಎಂದಾದ ಮೇಲೆ, ತಡೆಯುವವರು ಯಾಕೆ ತಡೆಯುತ್ತಾರೆ ಎಂಬ ಪ್ರಶ್ನೆಗೆ ಅರ್ಥಶಾಸ್ತ್ರದಲ್ಲಿ ಎರಡು ಹಳೆಯ ಉತ್ತರಗಳಿವೆ. ಒಂದು, ಗ್ಯಾರಿ ಬೆಕರ್ 1957ರಲ್ಲಿ ಹೇಳಿದ್ದು: ಮಾಲೀಕನಿಗೆ ಆ ಗುಂಪಿನವರು ಬೇಡ, ಅದಕ್ಕಾಗಿ ಸ್ವಲ್ಪ ನಷ್ಟವಾದರೂ ಪರವಾಗಿಲ್ಲ. ಇದನ್ನು ಅಸಹನೆಯ ವಾದ ಎನ್ನೋಣ. ಇನ್ನೊಂದು, ಎಡ್ಮಂಡ್ ಫೆಲ್ಪ್ಸ್ ಮತ್ತು ಕೆನೆತ್ ಆರೋ ಅವರಿಂದ 1970ರ ದಶಕದಲ್ಲಿ ಬಂದದ್ದು: ಮಾಲೀಕನಿಗೆ ದ್ವೇಷ ಇಲ್ಲದಿರಬಹುದು, ಆದರೆ ಎದುರಿಗಿರುವವರ ಸಾಮರ್ಥ್ಯ ಗೊತ್ತಿಲ್ಲದೆ ಗುಂಪಿನ ಸರಾಸರಿಯನ್ನು ಅವರ ತಲೆಗೆ ಕಟ್ಟುತ್ತಾನೆ. ಇದು ಅಂದಾಜಿನ ವಾದ. ಮೊದಲನೆಯದು ನಿಜವಾದರೆ ರೆಸ್ಯೂಮೆಯಲ್ಲಿ ಹೆಚ್ಚು ಮಾಹಿತಿ ಕೊಟ್ಟರೂ ಉಪಯೋಗವಿಲ್ಲ. ಎರಡನೆಯದು ನಿಜವಾದರೆ ಮಾಹಿತಿ ಹೆಚ್ಚಾದಂತೆ ಅಂತರ ಕಡಿಮೆಯಾಗಬೇಕು. ಪರಿಹಾರವೂ ಬೇರೆಯಾಗುತ್ತದೆ. ಆದ್ದರಿಂದ ಈ ವಿಂಗಡಣೆ ಬರೀ ಶಾಸ್ತ್ರದ ಮಾತಲ್ಲ.

ಈಗ ಸಿದ್ದಿಕ್ ಅವರತ್ತ ನೋಡಿ. ಆಯ್ಕೆ ಮಾಡುವವರು ಗಂಡಸರಾಗಿದ್ದಾಗ, ಹಿಂದೂಗಳಾಗಿದ್ದಾಗ ಮೇಲ್ಜಾತಿಯ ಪರವಾದ ಅಂತರ ವಿಶೇಷವಾಗಿ ದೊಡ್ಡದಾಗಿತ್ತು ಎಂದು ಅವರು ಕಂಡರು. ಬರೀ ಅಂದಾಜೇ ಕಾರಣವಾಗಿದ್ದರೆ ರೆಸ್ಯೂಮೆ ಓದುವವರು ಯಾರು ಎಂಬುದರಿಂದ ಇಷ್ಟು ವ್ಯತ್ಯಾಸ ಆಗಬಾರದಿತ್ತು, ಯಾಕೆಂದರೆ ಕಾಗದ ಎಲ್ಲರಿಗೂ ಒಂದೇ. ಹಾಗಾಗಿ ಇಡೀ ಅಂತರವನ್ನು ಅಂದಾಜಿನ ಲೆಕ್ಕಕ್ಕೆ ಹಾಕಲಾಗದು ಎಂಬುದು ಅವರ ವಾದ. ಸಣ್ಣ ಮಟ್ಟದಲ್ಲಿ ನಡೆಯುವ ಕಂಪನಿಗಳು ಮೇಲ್ಜಾತಿಯವರ ಕಡೆ ವಾಲಿದರೆ, ದೊಡ್ಡ ಮಟ್ಟದ ಕಂಪನಿಗಳು ಕೆಳಜಾತಿಯವರ ಕಡೆ ವಾಲಿದ್ದನ್ನೂ ಅವರು ದಾಖಲಿಸಿದ್ದಾರೆ. ಈ ಲೇಖನವನ್ನು "ತಡೆ ಇದೆ" ಎಂಬ ಗುಂಪಿನಲ್ಲಿ ಹಾಕಿ ಸುಮ್ಮನಾದರೆ ಅದರ ಅರ್ಧ ಕೆಲಸ ಕಳೆದುಹೋಗುತ್ತದೆ. ಅದು "ಯಾಕೆ ತಡೆ" ಎಂಬ ಗುಂಪಿನಲ್ಲಿ ಅಸಹನೆಯ ವಾದದ ಅಡಿಯಲ್ಲಿ ಇನ್ನೊಮ್ಮೆ ಬರಬೇಕು. ಒಂದೇ ಲೇಖನ ಎರಡು ಕಡೆ ಬರುವುದರಲ್ಲಿ ತಪ್ಪೇನಿಲ್ಲ. ಜೊಟೆರೊ ಎಂಬ ಗ್ರಂಥಸೂಚಿ ತಂತ್ರಾಂಶದಲ್ಲಿ ಒಂದೇ ನಮೂದಿಗೆ ಎರಡು ಟ್ಯಾಗ್ ಹಾಕಿ. ಫೈಲಿನಲ್ಲಾದರೆ ಎರಡನೆಯ ಜಾಗದಲ್ಲಿ ಆ ಒಂದು ವಾದವನ್ನಷ್ಟೇ ಬರೆಯಿರಿ.

ಎರಡನೆಯ ಬಾಗಿಲಿಗೆ ಬಂದರೆ ವಿಧಾನವೇ ಬದಲಾಗುತ್ತದೆ. ಅಲ್ಲಿ ಸಂಖ್ಯೆ ಇಲ್ಲ, ಮಾತು ಇದೆ. ಜೋಧ್ಕಾ ಮತ್ತು ನ್ಯೂಮನ್ ಮಾತಾಡಿಸಿದ್ದು 25 ಎಚ್.ಆರ್. ಮ್ಯಾನೇಜರುಗಳನ್ನು. ನಮಗೆ ಜಾತಿ ಗೀತಿ ಇಲ್ಲ, ಮೆರಿಟ್ ಒಂದೇ ಎಂದು ಅವರು ಹೇಳುತ್ತಾರೆ. ಅದೇ ಉಸಿರಿನಲ್ಲಿ ಅಭ್ಯರ್ಥಿಯ ಕುಟುಂಬದ ಹಿನ್ನೆಲೆ ತಿಳಿದುಕೊಳ್ಳುವುದು ಮುಖ್ಯ ಎನ್ನುತ್ತಾರೆ. ಅಪ್ಪ ಏನು ಮಾಡುತ್ತಾರೆ, ಅಣ್ಣತಮ್ಮಂದಿರು ಏನು ಓದಿದ್ದಾರೆ, ಎಲ್ಲಿ ಬೆಳೆದದ್ದು. ಒಳ್ಳೆಯ ಮನೆಯಿಂದ ಬಂದವರು ಒಳ್ಳೆಯ ಕೆಲಸಗಾರರಾಗುತ್ತಾರೆ ಎಂಬ ನಂಬಿಕೆ ಮೆರಿಟ್ಟಿನ ಒಳಗೇ ಕೂತಿದೆ ಎಂಬುದು ಲೇಖಕರ ವಾದ. ಇದಕ್ಕೆ ಟಿಪ್ಪಣಿ ಬರೆಯುವಾಗ 25 ಎಂಬ ಸಂಖ್ಯೆಯನ್ನು ಪ್ರತಿಶತಕ್ಕೆ ತಿರುಗಿಸಬೇಡಿ. ಎಷ್ಟು ಕಂಪನಿಗಳು ಹೀಗೆ ಮಾಡುತ್ತವೆ ಎಂದು ಈ ಲೇಖನ ಹೇಳುವುದಿಲ್ಲ. ತಾರತಮ್ಯ ಯಾವ ಭಾಷೆಯಲ್ಲಿ ಮಾತಾಡುತ್ತದೆ ಎಂದು ಹೇಳುತ್ತದೆ.

ಇದರ ಪಕ್ಕದಲ್ಲೇ ಬೆಂಗಳೂರಿನದ್ದೊಂದು ಇಡಬೇಕು. ಕ್ಯಾರಲ್ ಉಪಾಧ್ಯ ಅವರು ಐ.ಐ.ಎಸ್ಸಿ. ಆವರಣದಲ್ಲಿರುವ ಸಂಶೋಧನಾ ಸಂಸ್ಥೆ ನಿಯಾಸ್‌ನಲ್ಲಿದ್ದುಕೊಂಡು ಇಲ್ಲಿನ ಐ.ಟಿ. ಉದ್ಯಮದ ಮೇಲೆ ಮಾಡಿದ ಕ್ಷೇತ್ರಕಾರ್ಯದಿಂದ ಬರೆದ ಲೇಖನ ಅದು, 2007ರಲ್ಲೇ ಅದೇ ವೀಕ್ಲಿಯಲ್ಲಿ ಬಂದದ್ದು. ಐ.ಟಿ. ಕೆಲಸಗಾರರು ಬಹುಪಾಲು ನಗರದ, ಮಧ್ಯಮ ವರ್ಗದ, ಮೇಲ್ಜಾತಿಯ ಮನೆಗಳಿಂದ ಬಂದವರು. ಕಾಲೇಜುಗಳ ಆಯ್ಕೆ, ಇಂಗ್ಲಿಷು, ನಯವಾದ ನಡವಳಿಕೆಯ ಪರೀಕ್ಷೆ ಇವುಗಳ ಮೂಲಕ ಹೊರಗಿಡುವ ಕೆಲಸ ನಡೆಯುತ್ತದೆ. ಮೆರಿಟ್ ಎಂಬ ಮಾತು ಅದನ್ನು ಮುಚ್ಚುತ್ತದೆ ಎಂಬುದು ಅದರ ವಾದ. ಈಗ ಬ್ಯಾನರ್ಜಿ ಮತ್ತು ಸಂಗಡಿಗರ ಲೇಖನದ ಜೊತೆ ಇದನ್ನು ಓದಿ. ಸಾಫ್ಟ್‌ವೇರ್‌ನಲ್ಲಿ ರೆಸ್ಯೂಮೆಯ ಹಂತದಲ್ಲಿ ತಡೆ ಕಾಣದೇ ಇರುವುದೂ, ಉದ್ಯಮದ ಒಳಗೆ ಮೇಲ್ಜಾತಿಯೇ ತುಂಬಿರುವುದೂ ಒಟ್ಟಿಗೆ ನಿಜವಾಗಬಹುದು. ಆ ರೆಸ್ಯೂಮೆ ಬರೆಯುವಷ್ಟು ದೂರ ಬರಲು ಬೇಕಾದ ಕಾಲೇಜು ಮತ್ತು ಇಂಗ್ಲಿಷಿನಲ್ಲೇ ಜರಡಿ ಹಿಡಿದಾಗಿರುತ್ತದೆ. ಕಲ್ಪಿತ ಅರ್ಜಿಯಲ್ಲಿ ಸಂಶೋಧಕರು ಎಲ್ಲರಿಗೂ ಒಂದೇ ಕಾಲೇಜು ಕೊಡುತ್ತಾರೆ. ಜೀವನ ಹಾಗೆ ಕೊಡುವುದಿಲ್ಲ.

"ಹಾಗಾದ್ರೆ ಇವೆರಡು ಜಗಳವೇ ಆಡ್ತಿಲ್ಲ ಮೇಡಂ" ಅಂದಳು ಹುಡುಗಿ. ಆ ವಾಕ್ಯವನ್ನೇ ಆ ಭಾಗದ ಪೀಠಿಕೆಯಾಗಿ ಬರೆಯಲು ಹೇಳಿದೆ.

ಸಂಬಳದ ಬಾಗಿಲು, ಮತ್ತು ಅಲ್ಲಿನ ಒಂದು ಹಳ್ಳ

ಮಾಧೇಶ್ವರನ್ ಮತ್ತು ಅಟ್ಟೆವೆಲ್ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಅಂಕಿಅಂಶ ಹಿಡಿದು, ನಗರದಲ್ಲಿ ತಿಂಗಳ ಸಂಬಳದ ಕೆಲಸದಲ್ಲಿರುವವರ ನಡುವಿನ ಅಂತರವನ್ನು ಎರಡು ಪಾಲು ಮಾಡಿದರು. ಒಂದು ಪಾಲು ವಿದ್ಯೆ, ಅನುಭವ ಮುಂತಾದವುಗಳಲ್ಲಿನ ವ್ಯತ್ಯಾಸದಿಂದ ಬರುವುದು. ಉಳಿದದ್ದು, ಅವೆಲ್ಲ ಸಮಾನವಾಗಿದ್ದರೂ ಉಳಿಯುವ ಅಂತರ. ಅದನ್ನು ತಾರತಮ್ಯ ಎನ್ನುತ್ತಾರೆ. ಸಮಾನ ಅರ್ಹತೆಯ ಇತರರಿಗೆ ಹೋಲಿಸಿದರೆ ಪರಿಶಿಷ್ಟರಿಗೆ ತಾರತಮ್ಯದಿಂದಾಗಿ 15% ಕಡಿಮೆ ಸಂಬಳ, ಖಾಸಗಿ ವಲಯದಲ್ಲಿ ಇದು ಸರ್ಕಾರಿಗಿಂತ ಬಹಳ ಹೆಚ್ಚು ಎಂದು ಅವರಿಗೆ ಕಂಡಿತು. ಒಂದೇ ಕೆಲಸಕ್ಕೆ ಕಡಿಮೆ ಸಂಬಳ ಕೊಡುವುದಕ್ಕಿಂತ, ಒಳ್ಳೆಯ ಕೆಲಸವನ್ನೇ ಕೊಡದಿರುವುದು ಹೆಚ್ಚಿನ ಕಾರಣ ಎಂಬುದು ಅವರ ಮುಖ್ಯ ಮಾತು. ಇದು ನಮ್ಮನ್ನು ಮತ್ತೆ ಮೊದಲ ಎರಡು ಬಾಗಿಲಿಗೇ ಕರೆದೊಯ್ಯುತ್ತದೆ. ಗ್ರಂಥಸೂಚಿಯಲ್ಲಿ ಆ ಕೊಂಡಿಯನ್ನು ಒಂದು ಸಾಲಿನಲ್ಲಿ ತೋರಿಸಲೇಬೇಕು.

ಅದೇ ಲೇಖನ ಇನ್ನೊಂದು ಮಾತನ್ನೂ ಹೇಳುತ್ತದೆ, ಅದನ್ನು ಬಿಟ್ಟು ಉಲ್ಲೇಖಿಸುವವರೇ ಹೆಚ್ಚು. ವಿದ್ಯೆ, ಅನುಭವದ ಪಾಲು ತಾರತಮ್ಯದ ಪಾಲಿಗಿಂತ ದೊಡ್ಡದು. ನಿಮ್ಮ ವಾದಕ್ಕೆ ಇದು ಅನುಕೂಲವಲ್ಲ ಎನಿಸಿದರೂ ಬರೆಯಿರಿ. ಬರೆದ ಮೇಲೆ ಅದಕ್ಕೆ ಎದುರಾಗುವ ಪ್ರಶ್ನೆಯನ್ನೂ ಬರೆಯಿರಿ: ಆ ವಿದ್ಯೆಯ ವ್ಯತ್ಯಾಸ ಎಲ್ಲಿಂದ ಬಂತು? ಲೆಕ್ಕದಲ್ಲಿ "ವಿವರಿಸಲ್ಪಟ್ಟ" ಪಾಲು ಎಂದು ಹೆಸರಿಟ್ಟ ಮಾತ್ರಕ್ಕೆ ಅದು ಜಾತಿಯಿಂದ ಹೊರಗಿನದ್ದಾಗುವುದಿಲ್ಲ. ಅಂಗಳದಲ್ಲಿ ಆದ ಅನ್ಯಾಯ ಬಾಗಿಲಿಗೆ ಬರುವಾಗ ಅರ್ಹತೆಯ ಕೊರತೆ ಎಂಬ ಹೆಸರು ಹೊತ್ತು ಬರುತ್ತದೆ.

ಹಳ್ಳ ಅಂದದ್ದು "ಇತರರು" ಎಂಬ ಪದ. ಸಮೀಕ್ಷೆಯಲ್ಲಿ ಹಿಂದುಳಿದ ವರ್ಗವನ್ನು ಪ್ರತ್ಯೇಕವಾಗಿ ಕೇಳಲು ಶುರು ಮಾಡಿದ್ದು 1999-2000ದ 55ನೇ ಸುತ್ತಿನಿಂದ. ಅದಕ್ಕೂ ಹಿಂದಿನ ಸುತ್ತುಗಳಲ್ಲಿ "ಇತರರು" ಅಂದರೆ ಪರಿಶಿಷ್ಟರನ್ನು ಬಿಟ್ಟು ಉಳಿದವರೆಲ್ಲ. ಹಳೆಯ ಸುತ್ತಿನ ಅಂತರವನ್ನೂ ಹೊಸ ಸುತ್ತಿನ ಅಂತರವನ್ನೂ ಪಕ್ಕ ಇಟ್ಟು "ಹೆಚ್ಚಾಯಿತು" ಅಥವಾ "ಕಡಿಮೆಯಾಯಿತು" ಎನ್ನುವ ಮೊದಲು, ಎರಡರಲ್ಲೂ ಎದುರು ಗುಂಪಿನಲ್ಲಿ ಅದೇ ಜನರಿದ್ದಾರೆಯೇ ಎಂದು ನೋಡಬೇಕು. ಕರ್ನಾಟಕದಲ್ಲಿ ಇನ್ನೂ ಒಂದು ತೊಡಕಿದೆ. ಸಮೀಕ್ಷೆಯಲ್ಲಿ ಮನೆಯವರು ಹೇಳಿದ್ದನ್ನೇ ಬರೆದುಕೊಳ್ಳುತ್ತಾರೆ. ರಾಜ್ಯದ ಪಟ್ಟಿಯಲ್ಲಿ ಒಕ್ಕಲಿಗರು 3ಎ, ವೀರಶೈವ ಲಿಂಗಾಯತರು 3ಬಿ. ಭೂಮಿ ಇರುವ ಮನೆಯೊಂದು ತನ್ನನ್ನು ಹಿಂದುಳಿದ ವರ್ಗ ಎಂದು ಹೇಳಿಕೊಂಡರೆ ಅಂಕಿಅಂಶದಲ್ಲಿ ಅದು ಮಡಿವಾಳರ, ಕುಂಬಾರರ ಪಕ್ಕದಲ್ಲೇ ಕೂರುತ್ತದೆ. ನಮ್ಮ ರಾಜ್ಯದ "ಹಿಂದುಳಿದ ವರ್ಗದ ಸರಾಸರಿ" ಎಂಬ ಸಂಖ್ಯೆ ಕಂಡಲ್ಲೆಲ್ಲ ಟಿಪ್ಪಣಿಯಲ್ಲಿ ಒಂದು ನಕ್ಷತ್ರ ಹಾಕಿ.

ಬೆಂಗಳೂರಿಗೆ ತರುವಾಗ

ಕೊನೆಯ ಹಂತ, ಈ ಅಧ್ಯಯನಗಳಲ್ಲಿ ಯಾವುದು ಇಲ್ಲಿಗೆ ಅನ್ವಯಿಸುತ್ತದೆ ಎಂಬ ಪ್ಯಾರಾ. ಅರ್ಜಿಯ ಪ್ರಯೋಗಗಳೆಲ್ಲ ನಿಂತಿರುವುದು ಹೆಸರಿನ ಮೇಲೆ. ದೆಹಲಿಯಲ್ಲಿ ಅಡ್ಡಹೆಸರು ಬಹಳಷ್ಟು ಹೇಳಿಬಿಡುತ್ತದೆ. ನಮ್ಮಲ್ಲಿ ಗೌಡ, ಶೆಟ್ಟಿ, ಭಟ್, ಹೆಗಡೆ, ಪಾಟೀಲ ಎಂದರೆ ಏನೋ ಒಂದು ತಿಳಿಯುತ್ತದೆ. ಹೆಗಡೆ, ಶೆಟ್ಟಿ, ಪಾಟೀಲರಲ್ಲೂ ಒಂದಕ್ಕಿಂತ ಹೆಚ್ಚು ಜಾತಿಗಳಿವೆ. ಆದರೆ ಹಳೆ ಮೈಸೂರು ಕಡೆಯ ಎಷ್ಟೋ ಜನರ ಹೆಸರು ಮಂಜುನಾಥ ಕೆ., ಲಕ್ಷ್ಮೀ ಎಚ್. ಎಂದಷ್ಟೇ ಇರುತ್ತದೆ. ಕೆ. ಅಪ್ಪನ ಹೆಸರೋ ಊರ ಹೆಸರೋ ಇರಬಹುದು. ರೆಸ್ಯೂಮೆ ನೋಡುವವರಿಗೆ ಜಾತಿ ತಿಳಿಯುವುದೇ ಇಲ್ಲ.

ಹುಡುಗಿ ತನ್ನದೇ ಅನುಭವ ಹೇಳಿದಳು. ಅವಳ ಹೆಸರಿನಿಂದಲೂ ಏನೂ ಗೊತ್ತಾಗುವುದಿಲ್ಲ. ಪಾರ್ಟ್ ಟೈಮ್ ಕೆಲಸಕ್ಕೆ ಹೋದ ಒಂದು ಕಡೆ ಕರೆ ಬಂತು, ಕೂರಿಸಿದರು, ಕಾಫಿ ಕೊಟ್ಟರು. ಕೆಲಸದ ಬಗ್ಗೆ ಎರಡು ಪ್ರಶ್ನೆ ಕೇಳಿ, "ಯಾವೂರಮ್ಮ ನಿಮ್ದು? ಊರಲ್ಲಿ ಎಲ್ಲಿ ಮನೆ?" ಎಂದರು. ಊರು ಹೇಳಿದಳು. ಊರಲ್ಲಿ ಎಲ್ಲಿ ಎಂಬುದಕ್ಕೆ ಅವಳು ಕೊಟ್ಟ ಉತ್ತರದ ಮೇಲೆ ಮಾತು ಬೇಗ ಮುಗಿಯಿತು. ಕೇರಿಯ ಹೆಸರು ಅಡ್ಡಹೆಸರಿನ ಕೆಲಸ ಮಾಡಿತ್ತು.

ಈ ಒಂದು ಅನುಭವ ಪುರಾವೆಯಲ್ಲ, ಗ್ರಂಥಸೂಚಿಯಲ್ಲಿ ಅದಕ್ಕೆ ಜಾಗವೂ ಇಲ್ಲ. ಆದರೆ ಇದರಿಂದ ಒಂದು ಸರಿಯಾದ ಪ್ರಶ್ನೆ ಸಿಗುತ್ತದೆ. ಅಡ್ಡಹೆಸರು ಮೌನವಾಗಿರುವ ನಗರದಲ್ಲಿ ಜರಡಿ ಮೊದಲ ಬಾಗಿಲಿನಿಂದ ಎರಡನೆಯ ಬಾಗಿಲಿಗೆ ಸರಿದಿರಬಹುದು. ಹಾಗಾಗಿದ್ದರೆ ಇಲ್ಲಿ ರೆಸ್ಯೂಮೆ ಕಳಿಸಿ ಮಾಡುವ ಪ್ರಯೋಗದಲ್ಲಿ ಅಂತರ ಚಿಕ್ಕದಾಗಿ ಕಂಡರೆ ಆಶ್ಚರ್ಯವಿಲ್ಲ, ಅದರಿಂದ ಬೆಂಗಳೂರು ಸರಿಯಾಗಿದೆ ಎಂದೂ ಹೇಳಲಾಗದು. ಆದ್ದರಿಂದ ಅವಳ ಫೈಲಿನ ಪ್ರತಿಯೊಂದು ಅರ್ಜಿ ಅಧ್ಯಯನದ ಪಕ್ಕದಲ್ಲೂ ಇನ್ನೊಂದು ಸಾಲು ಸೇರಿಸಿದೆವು: ಓದುವವರಿಗೆ ಜಾತಿ ತಿಳಿಸಿದ್ದು ಯಾವುದರಿಂದ? ಅಡ್ಡಹೆಸರಿನಿಂದಲೇ ಆಗಿದ್ದರೆ, ಆ ಅಡ್ಡಹೆಸರುಗಳು ಜನರಿಗೆ ನಿಜವಾಗಿ ಜಾತಿ ಸೂಚಿಸುತ್ತವೆಯೇ ಎಂದು ಸಂಶೋಧಕರು ಮೊದಲೇ ಪರೀಕ್ಷಿಸಿದ್ದರೇ?

ನಲವತ್ತರಲ್ಲಿ ಹದಿನೇಳು ಲೇಖನ ಉಳಿದವು. ತೆಗೆದುಹಾಕಿದವುಗಳಲ್ಲಿ ಹಲವು ಗ್ರಾಮೀಣ ಕೂಲಿಯ ಬಗ್ಗೆ, ಕೆಲವು ಮೀಸಲಾತಿಯ ಬಗ್ಗೆ. ಒಳ್ಳೆಯವೇ, ಆದರೆ ಬೇರೆ ಪ್ರಶ್ನೆಯವು. ಅವನ್ನು ಬೇರೆ ಫೋಲ್ಡರಿಗೆ ಹಾಕಿ, ಸಂದರ್ಶನದ ಕೋಣೆಯ ಭಾಗಕ್ಕೆ ಇನ್ನಷ್ಟು ಹುಡುಕಲು ಅವಳು ಮರುದಿನ ಐಸೆಕ್ ಗ್ರಂಥಾಲಯಕ್ಕೆ ಹೋದಳು.